ಫೋಟೊ ಕೈಕೊಟ್ಟಾಗ ಯಕ್ಷಗಾನದ ವೇಷವನ್ನು ಬರಹದಲ್ಲಿ ಕಟ್ಟುವುದು ಹೇಗೆ?

ಒಂದು ಸಣ್ಣ ಕಲಾ ಪ್ರದರ್ಶನಕ್ಕೆ ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಉತ್ತರದ ಶೈಲಿಯ, ಕರ್ಣನ ವೇಷದ ಬಗ್ಗೆ ವಿವರಣೆ ಬರೆದುಕೊಡಬೇಕಿತ್ತು. ಆಟಕ್ಕೆ ಹೋಗಿದ್ದೆ, ವೇಷ ಕಟ್ಟುವ ಚೌಕಿಯಲ್ಲಿ ಕೂತು ನೋಡಿದ್ದೆ, ಫೋಟೊ ಕೂಡ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ ಕ್ಯಾಮೆರಾದ ಕಾರ್ಡ್ ತೆರೆಯುತ್ತಲೇ ಇಲ್ಲ. ಫಲಕದಲ್ಲಿ ಚಿತ್ರಕ್ಕೆ ಬಿಟ್ಟಿದ್ದ ಜಾಗ ಖಾಲಿ ಉಳಿಯಿತು.

ಆಗ ಬರೆದ ಮೊದಲ ಸಾಲು ಇದು: "ಕರ್ಣನ ವೇಷವು ವರ್ಣರಂಜಿತ ಉಡುಪು, ಭವ್ಯವಾದ ಕಿರೀಟ ಹಾಗೂ ಆಕರ್ಷಕ ಮುಖವರ್ಣಿಕೆಯಿಂದ ಕೂಡಿದೆ." ಕರ್ಣ ಅನ್ನುವ ಹೆಸರು ತೆಗೆದು ಬೇರೆ ಯಾವುದೇ ಪಾತ್ರದ ಹೆಸರು ಹಾಕಿ, ಈ ಸಾಲು ಹಾಗೇ ನಡೆಯುತ್ತದೆ. ಕಥಕಳಿಗೂ ನಡೆಯುತ್ತದೆ. ಅದರ ಮೇಲೆ ತಪ್ಪು ಬೇರೆ ಇದೆ. ಬಡಗಿನ ಕರ್ಣನ ತಲೆ ಮೇಲಿರುವುದು ಕಿರೀಟ ಅಲ್ಲ, ಮುಂಡಾಸು.

ಚಿತ್ರ ಜೊತೆಗಿದ್ದರೆ ಇಂಥ ಸಾಲು ಹೇಗೋ ದಾಟಿಹೋಗುತ್ತದೆ, ಯಾಕೆಂದರೆ ಓದುವವರ ಕಣ್ಣು ಚಿತ್ರದ ಮೇಲಿರುತ್ತದೆ. ಚಿತ್ರ ಇಲ್ಲದಾಗ ಓದುವವರು ಬರಹದಿಂದಲೇ ವೇಷ ನೋಡಬೇಕು. ಆ ಕರ್ಣನ ವಿವರಣೆಯನ್ನು ತಿದ್ದುತ್ತಾ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ತಿಟ್ಟು, ಪಾತ್ರ, ಪ್ರಸಂಗ

"ಯಕ್ಷಗಾನದ ವೇಷ" ಅಂದರೆ ಏನೂ ಹೇಳಿದಂತಾಗಲಿಲ್ಲ. ದಕ್ಷಿಣದ ಶೈಲಿಯಾದ ತೆಂಕುತಿಟ್ಟೋ ಬಡಗುತಿಟ್ಟೋ, ಪಾತ್ರ ಯಾವುದು, ಯಾವ ಪ್ರಸಂಗ ಅನ್ನುವುದು ಮೊದಲ ಸಾಲಲ್ಲೇ ಬರಬೇಕು. ಇದು ಬರೀ ಮಾಹಿತಿ ತುಂಬುವ ಸಾಲಲ್ಲ, ಮುಂದಿನ ಪ್ರತಿ ಪದವೂ ಇದರ ಮೇಲೇ ನಿಂತಿದೆ. ಕರ್ಣ ತೆಂಕಿನಲ್ಲಾದರೆ ಕಿರೀಟವೇಷ, ಬಡಗಿನಲ್ಲಿ ಮುಂಡಾಸಿನ ವೇಷ. ಅಭಿಮನ್ಯು, ಬಭ್ರುವಾಹನರಂಥ ಹುಡುಗಪ್ರಾಯದ ವೀರರಿಗೆ ಬಡಗಿನಲ್ಲಿ ಆ ದೊಡ್ಡ ಮುಂಡಾಸು ಕೂಡ ಇಲ್ಲ. ಅವರಿಗೆ ಕಟ್ಟುವುದು ಕೇದಗೆ ಹೂವಿನ ಎಸಳಿನಂತೆ ಕಾಣುವ ಚಿಕ್ಕ ಕೇದಗೆ ಮುಂದಲೆ. ಪಾತ್ರದ ವಯಸ್ಸು, ಗತ್ತು ತಲೆಯುಡುಗೆಯಲ್ಲೇ ಗೊತ್ತಾಗಿಬಿಡುತ್ತದೆ.

ಫೋಟೊ ಇಲ್ಲದಾಗ ಜಾಸ್ತಿ ಆಗುವ ತಪ್ಪು ಇಲ್ಲೇ ಹುಟ್ಟುತ್ತದೆ. ನೆನಪು ಮಸುಕಾದ ಕಡೆ ಇನ್ನೆಲ್ಲೋ ನೋಡಿದ ಇನ್ನೊಂದು ವೇಷದ ಚಿತ್ರ ತೆಗೆದು ಅದರ ವಿವರ ಸೇರಿಸಿಬಿಡುತ್ತೇವೆ. ಫಲಿತಾಂಶವಾಗಿ ಮೇಲೆ ಬಡಗಿನ ಮುಂಡಾಸು, ಕೆಳಗೆ ತೆಂಕಿನ ನೆರಿಗೆಯ ಬಾಲ್ಮುಂಡು! ಯಕ್ಷಗಾನ ಗೊತ್ತಿಲ್ಲದವರಿಗೆ ಇದು ಕಾಣುವುದಿಲ್ಲ. ಗೊತ್ತಿದ್ದವರು ಆ ಒಂದು ಸಾಲು ಓದಿ ಉಳಿದದ್ದನ್ನು ನಂಬುವುದೇ ಇಲ್ಲ.

ಒಂದು ಕಾಗದ ತೆಗೆದುಕೊಳ್ಳಿ. ನಾನೇ ನೋಡಿದ್ದು ಒಂದು ಕಡೆ, ಯಾರೋ ಹೇಳಿದ್ದು ಅಥವಾ ಮೊದಲೇ ಗೊತ್ತಿದ್ದದ್ದು ಇನ್ನೊಂದು ಕಡೆ ಬರೆಯಿರಿ. ಬರೆಯುವಾಗ ಇವೆರಡೂ ಬೇರೆ ಬೇರೆ ವಾಕ್ಯದಲ್ಲಿರಲಿ. "ಮೀಸೆ ದಪ್ಪ, ಕಪ್ಪು" ಅನ್ನುವುದು ನೋಡಿದ್ದು. "ಇಂಥ ಮೀಸೆ ಪಾತ್ರದ ಗತ್ತು ತೋರಿಸುತ್ತದೆ" ಅನ್ನುವುದು ತಿಳಿದದ್ದು. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದರೆ, ಮೀಸೆ ಹೇಗಿತ್ತು ಅನ್ನುವುದು ಗತ್ತಿನ ಹಿಂದೆ ಕಾಣೆಯಾಗುತ್ತದೆ.

ಮೂರು ದೂರದಿಂದ ನೋಡಿ

ವೇಷವನ್ನು ತಲೆಯಿಂದ ಕಾಲಿನವರೆಗೆ ಪಟ್ಟಿ ಮಾಡಿಕೊಂಡು ಹೋದರೆ ಓದುವವರು ಸೊಂಟಕ್ಕೆ ಬರುವಷ್ಟರಲ್ಲಿ ಸುಸ್ತಾಗುತ್ತಾರೆ. ನನಗೆ ಸರಿ ಅನಿಸಿದ ದಾರಿ ಬೇರೆ. ಆಟದಲ್ಲಿ ಎಲ್ಲಿ ಕೂತರೆ ಏನು ಕಾಣುತ್ತದೋ ಆ ಕ್ರಮದಲ್ಲಿ ಬರೆಯುವುದು. ಮೊದಲು ಕೊನೆಯ ಸಾಲಿನಿಂದ, ಆಮೇಲೆ ಮುಂದಿನ ಸಾಲಿನಿಂದ, ಕೊನೆಗೆ ಚೌಕಿಯಲ್ಲಿ ವೇಷಧಾರಿಯ ಪಕ್ಕ ಕೂತು.

ಕೊನೆಯ ಸಾಲಿನಿಂದ ಕಣ್ಣು, ಹುಬ್ಬು ಏನೂ ಕಾಣುವುದಿಲ್ಲ. ಕಾಣುವುದು ಆಕಾರ ಮಾತ್ರ. ಬಡಗಿನ ಕರ್ಣ ಅಷ್ಟು ದೂರದಿಂದ ಹೇಗೆ ಕಾಣುತ್ತಾನೆ? ತಲೆಯ ಮೇಲೆ ಇನ್ನೊಂದು ತಲೆಯಷ್ಟು ದೊಡ್ಡ ಕಪ್ಪು ಆಕಾರ. ಭುಜದ ಮೇಲೆ ಕೂತ ಭುಜಕೀರ್ತಿಗಳಿಂದ ಹೆಗಲು ಅಗಲ. ನಡು ಬಿಗಿ. ಕೆಳಗೆ ಬಟ್ಟೆಯ ತೋರ. ಮೊಣಕಾಲ ಕೆಳಗೆ ಮತ್ತೆ ಸಣ್ಣಗಾಗಿ ಗೆಜ್ಜೆಯ ಹತ್ತಿರ ದಪ್ಪ. ಇಷ್ಟನ್ನು ಎರಡು ಮೂರು ವಾಕ್ಯದಲ್ಲಿ ಹೇಳಿಬಿಟ್ಟರೆ ಓದುವವರ ಮನಸ್ಸಲ್ಲಿ ಒಂದು ಅಚ್ಚು ನಿಲ್ಲುತ್ತದೆ. ಮುಂದೆ ಹೇಳುವ ಪ್ರತಿ ಆಭರಣಕ್ಕೂ ಅದರಲ್ಲಿ ಜಾಗ ಸಿಗುತ್ತದೆ.

ಅಳತೆಗೆ ಇಂಚು ಬೇಡ. ಇಂಚು ಓದಿ ಯಾರೂ ಕಲ್ಪಿಸಿಕೊಳ್ಳುವುದಿಲ್ಲ. ವೇಷಧಾರಿಯ ಮೈಯನ್ನೇ ಅಳತೆಗೋಲು ಮಾಡಿಕೊಳ್ಳಿ. ಗದ್ದದಿಂದ ಹಣೆಯವರೆಗೆ ಎಷ್ಟಿದೆಯೋ ಮುಂಡಾಸು ಅದಕ್ಕಿಂತ ಎತ್ತರವೋ, ಅಷ್ಟೇ ಎತ್ತರವೋ? ಕಿವಿ ದಾಟಿ ಎಷ್ಟು ಹೊರಗೆ ಚಾಚಿದೆ, ನಾಲ್ಕು ಬೆರಳೋ ಒಂದು ಗೇಣೋ? ಕಣ್ಣಿನ ಕಪ್ಪು ಗೆರೆ ಕಿವಿಯ ಕಡೆಗೆ ಎಷ್ಟು ದೂರ ಹೋಗಿ ನಿಂತಿದೆ? ಬೆರಳು, ಗೇಣು, ಮೊಳ ಎಲ್ಲರ ಹತ್ತಿರವೂ ಇದೆ.

ಎಡ ಬಲದ ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. ನೋಡುವವರ ಎಡ ಅಂದರೆ ವೇಷಧಾರಿಯ ಬಲ. ಬಿಲ್ಲು ಹಿಡಿದ ಕೈ ಯಾವುದು ಅಂತ ಬರೆಯುವಾಗ ಇದು ತಪ್ಪಿದರೆ ಕರ್ಣ ಎಡಚನಾಗುತ್ತಾನೆ. "ಎಡ, ಬಲ ಎಂದದ್ದೆಲ್ಲ ವೇಷಧಾರಿಯದ್ದು" ಅಂತ ಒಮ್ಮೆ ಹೇಳಿಬಿಟ್ಟರೆ ಸಾಕು.

ಮುಂಡಾಸು: ಹೋಲಿಕೆ ಎಲ್ಲಿ ಮುರಿಯುತ್ತದೆ ಅಂತಲೂ ಹೇಳಿ

ನನ್ನ ಎರಡನೇ ಕರಡಿನಲ್ಲಿ "ತಲೆಗೆ ದೊಡ್ಡ ಕಪ್ಪು ಮುಂಡಾಸು, ಅದರ ಮೇಲೆ ಜರಿಪಟ್ಟಿ" ಅಂತಿತ್ತು. ಅದನ್ನು ಅಕ್ಕನ ಮಗಳಿಗೆ ಓದಿ ಹೇಳಿ, ಕೇಳಿದ್ದನ್ನು ಬಿಡಿಸು ಅಂದೆ. ಅವಳು ಯಕ್ಷಗಾನ ನೋಡಿದವಳಲ್ಲ. ಬಿಡಿಸಿಕೊಟ್ಟದ್ದು ಮದುಮಗನ ಪೇಟ! ದುಂಡಗೆ, ಅಡ್ಡಡ್ಡ ಸುತ್ತು, ಕೊನೆಗೆ ಹಿಂದೆ ಇಳಿಬಿಟ್ಟ ಸೆರಗು. ಅವಳ ತಪ್ಪೇನಿಲ್ಲ. ಮುಂಡಾಸು ಅಂದರೆ ಸುಮಾರು ಕಡೆ ತಲೆಗೆ ಸುತ್ತುವ ಬಟ್ಟೆ ಅಂತಲೇ ಅರ್ಥ. ನಾನು ಪದ ಕೊಟ್ಟಿದ್ದೆ, ಆಕಾರ ಕೊಟ್ಟಿರಲಿಲ್ಲ.

ತಿದ್ದಿದ ಮೇಲೆ ಹೀಗಾಯಿತು: "ಮುಂಡಾಸನ್ನು ಎದುರಿನಿಂದ ನೋಡಿದರೆ ತುದಿ ಮೇಲಾಗಿ ನಿಲ್ಲಿಸಿದ ತಾವರೆಯ ಎಸಳು. ಹಣೆಯ ಹತ್ತಿರ ಕಿರಿದು, ಕಿವಿಗಳ ಮೇಲೆ ಅಗಲವಾಗಿ ಎರಡೂ ಕಡೆ ಹೊರಗೆ ಚಾಚಿ, ಮತ್ತೆ ಮೇಲೆ ಹೋಗುತ್ತಾ ಕೂಡುತ್ತದೆ. ಎಸಳಿನಂತೆ ತೆಳುವಲ್ಲ, ಪಕ್ಕದಿಂದ ನೋಡಿದರೆ ದಿಂಬಿನಷ್ಟು ದಪ್ಪ. ಕಪ್ಪು ಬಟ್ಟೆಯ ಮೇಲೆ ಹೊಳೆಯುವ ಜರಿಪಟ್ಟಿ ಆ ಎಸಳಿನ ಅಂಚಿನ ಆಕಾರದಲ್ಲೇ ಒಂದರೊಳಗೊಂದು ಹೋಗುತ್ತದೆ."

ಇದರಲ್ಲಿ ಮೂರನೇ ವಾಕ್ಯವೇ ಮುಖ್ಯ. ಹೋಲಿಕೆ ಕೊಟ್ಟರೆ ಸಾಲದು, ಅದು ಎಲ್ಲಿ ಹೊಂದುವುದಿಲ್ಲ ಅನ್ನುವುದನ್ನೂ ಹೇಳಬೇಕು. "ಎಸಳು" ಅಂತ ಬಿಟ್ಟರೆ ಓದುವವರು ತಲೆ ಹಿಂದೆ ನಿಲ್ಲಿಸಿದ ರಟ್ಟನ್ನು ಊಹಿಸಿಕೊಳ್ಳುತ್ತಾರೆ. ದಿಂಬು ಅಂದಾಗ ದಪ್ಪ, ಭಾರ ಎರಡೂ ಬಂತು. ಅಕ್ಕನ ಮಗಳ ಮುಂದಿನ ಚಿತ್ರ ಸುಮಾರಾಗಿ ಸರಿಯಾಗಿತ್ತು. ಕಿವಿ ಮಾತ್ರ ಮುಚ್ಚಿಹೋಗಿತ್ತು. ಕಿವಿಯ ಹತ್ತಿರದ ಆಭರಣದ ಬಗ್ಗೆ ನಾನು ಏನೂ ಹೇಳಿರಲಿಲ್ಲವಲ್ಲ!

ಕ್ರಿಯಾಪದದ ಕಡೆಗೂ ಸ್ವಲ್ಪ ಗಮನ ಕೊಡಿ. ಚೌಕಿಯಲ್ಲಿ ಯಾರೂ ಮುಂಡಾಸು "ಹಾಕಿಕೊಳ್ಳು"ವುದಿಲ್ಲ, ಕಟ್ಟುತ್ತಾರೆ. ಕಿರೀಟವನ್ನು ಪೆಟ್ಟಿಗೆಯಿಂದ ತೆಗೆದು ತಲೆಗೆ ಇಟ್ಟು ಬಿಗಿಯಬಹುದು. ಮುಂಡಾಸನ್ನು ಪ್ರತಿ ರಾತ್ರಿ ತಲೆಯ ಮೇಲೇ ಸುತ್ತಿ ಆಕಾರಕ್ಕೆ ತರಬೇಕು. "ಕಟ್ಟಿದ" ಅಂತ ಬರೆದರೆ ಈ ಕೆಲಸದ ಸುಳಿವು ಒಂದೇ ಪದದಲ್ಲಿ ಸಿಗುತ್ತದೆ. ಇದೇ ರೀತಿ ಮುಖದ್ದು ಬಣ್ಣ, ಮುಖವಾಡ ಅಲ್ಲ. ಇದನ್ನೂ ತಪ್ಪಾಗಿ ಬರೆದದ್ದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಮುಖವಾಡದಲ್ಲಿ ಕೆನ್ನೆ ಅಲುಗುವುದಿಲ್ಲ, ಬಣ್ಣ ಬರೆದ ಮುಖದಲ್ಲಿ ಅಲುಗುತ್ತದೆ. ಕರ್ಣ ಹುಬ್ಬು ಎತ್ತಿದರೆ ಗೆರೆಯೂ ಏಳುತ್ತದೆ.

ಮುಖ: ಬರೆದ ಕ್ರಮದಲ್ಲೇ ಬರೆಯಿರಿ

ಈಗ ಚೌಕಿಗೆ ಬನ್ನಿ. ಯಕ್ಷಗಾನದಲ್ಲಿ ಸಾಮಾನ್ಯವಾಗಿ ವೇಷಧಾರಿಯೇ ಕನ್ನಡಿ ಹಿಡಿದು ತನ್ನ ಮುಖ ತಾನೇ ಬರೆದುಕೊಳ್ಳುತ್ತಾನೆ. ಮೊದಲು ಮುಖ, ಆಮೇಲೆ ವೇಷ ಕಟ್ಟುವುದು. ಮುಖದ ವಿವರಣೆಯನ್ನು ಮೇಲಿನಿಂದ ಕೆಳಕ್ಕೆ ಬರೆಯುವ ಬದಲು, ಬಣ್ಣ ಒಂದರ ಮೇಲೊಂದು ಬಂದ ಕ್ರಮದಲ್ಲಿ ಬರೆಯಿರಿ. ಯಾವುದು ಅಡಿಯಲ್ಲಿದೆ, ಯಾವುದು ಮೇಲಿದೆ ಅನ್ನುವುದು ಆಗ ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ತಳಬಣ್ಣ. ಸಫೇತಿನ ಬಿಳಿ, ಅರದಾಳದ ಹಳದಿ, ಇಂಗಳೀಕದ ಕೆಂಪು, ಇವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮುಖಕ್ಕೆಲ್ಲ ಹಚ್ಚುವುದು ಹಳೆಯ ಪದ್ಧತಿ. ಬರುವ ಬಣ್ಣ ಹಳದಿ ಬೆರೆತ ತಿಳಿ ಗುಲಾಬಿ. ಇದನ್ನು "ಮೈಬಣ್ಣ" ಅಂತ ಬರೆದರೆ ಯಾರ ಮೈಬಣ್ಣ ಅನ್ನುವ ಪ್ರಶ್ನೆ ಬರುತ್ತದೆ. "ಹಣ್ಣಾಗುತ್ತಿರುವ ಮಾವಿನ ಸಿಪ್ಪೆಯಲ್ಲಿ ಹಳದಿ ಕೆಂಪಿಗೆ ತಿರುಗುವ ಕಡೆ ಇರುವ ಬಣ್ಣ" ಅಂತ ನಾನು ಬರೆದೆ. ಸ್ವಲ್ಪ ಉದ್ದವಾಯಿತು, ಆದರೆ ಕಾಣುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಹಳೆಯ ಬಣ್ಣಗಳ ಹೆಸರು ಚೆಂದ ಅಂತ ಎಲ್ಲ ವೇಷಕ್ಕೂ ಅಂಟಿಸಬೇಡಿ. ಈಗ ಅಂಗಡಿಯಲ್ಲಿ ಸಿಗುವ ಸಿದ್ಧ ಬಣ್ಣ ಬಳಸುವವರು ಬೇಕಾದಷ್ಟಿದ್ದಾರೆ. ನೀವು ನೋಡಿದ ಕಲಾವಿದರು ಏನು ಬಳಸಿದರು ಅಂತ ಕೇಳಿಯೇ ಬರೆಯಬೇಕು. ಮತ್ತೆ, ಹಳೆಯ ಬಣ್ಣ ಅಂದ ಕೂಡಲೇ "ನೈಸರ್ಗಿಕ, ನಿರಪಾಯಕಾರಿ" ಅಂತ ಸೇರಿಸುವ ಚಟ ಇದೆ. ಅರದಾಳದಲ್ಲಿರುವುದು ಆರ್ಸೆನಿಕ್, ಇಂಗಳೀಕದಲ್ಲಿರುವುದು ಪಾದರಸ. ಖನಿಜದ ಬಣ್ಣ ಅನ್ನಿ, ಅಷ್ಟು ಸಾಕು.

ತಳಬಣ್ಣ ಆದ ಮೇಲೆ ಕಪ್ಪು. ಹುಬ್ಬು ದಪ್ಪವಾಗಿ, ಹೊರತುದಿ ಮೇಲಕ್ಕೇರಿ. ಕಣ್ಣಿನ ಸುತ್ತ ಕಾಡಿಗೆ, ಅದರ ಗೆರೆ ಕಣ್ಣಿನ ಕೊನೆ ದಾಟಿ ಕಿವಿಯ ಕಡೆ ಸುಮಾರು ಎರಡು ಬೆರಳು ಹೋಗಿ ಚೂಪಾಗಿ ಮುಗಿಯುತ್ತದೆ. ಕಣ್ಣು ದೊಡ್ಡದಾಗಿ ಕಾಣುವುದು ಈ ಗೆರೆಯಿಂದ. ಹಣೆಯ ನಡುವೆ ಹುಬ್ಬುಗಳ ನಡುವಿನಿಂದ ಮೇಲಕ್ಕೆ ಉದ್ದನೆಯ ನಾಮ, ಬಿಳಿ ಅಂಚು, ಒಳಗೆ ಕೆಂಪು. ತುಟಿ ಕೆಂಪು. ಇದೆಲ್ಲ ನಾನು ಅವತ್ತು ನೋಡಿದ ಮುಖ. ಎಲ್ಲ ಕರ್ಣನ ಮುಖವೂ ಹೀಗೇ ಇರುತ್ತದೆ ಅಂತಲ್ಲ. ಗೆರೆ ಎಳೆಯುವ ಕೈ ಒಬ್ಬೊಬ್ಬರದು ಒಂದೊಂದು ಥರ. ಆದ್ದರಿಂದ "ಕರ್ಣನಿಗೆ ಹೀಗೆ ಬರೆಯುತ್ತಾರೆ" ಅನ್ನುವ ಬದಲು "ಈ ಕರ್ಣನ ಮುಖದಲ್ಲಿ" ಅಂತ ಬರೆಯಿರಿ.

ಮೀಸೆಯ ವಿಷಯದಲ್ಲಿ ನಾನು ಸಿಕ್ಕಿಬಿದ್ದೆ. ಟಿಪ್ಪಣಿಯಲ್ಲಿ "ದಪ್ಪ ಕಪ್ಪು ಮೀಸೆ" ಅಂತ ಮಾತ್ರ ಇತ್ತು. ಕಾಡಿಗೆಯಲ್ಲಿ ಬರೆದದ್ದು ಅಂದುಕೊಂಡೇ ಬರೆದುಬಿಟ್ಟಿದ್ದೆ. ಅನುಮಾನ ಬಂದು ಕಲಾವಿದರಿಗೆ ಫೋನ್ ಮಾಡಿದೆ.

"ಬರ್ದದ್ದಲ್ಲ ಮಾರಾಯ್ರೆ, ಕಟ್ಟಿದ್ದು," ಅಂದರು. "ದಾರ ಕಿವಿಯ ಹಿಂದೆ ಹೋಗ್ತದೆ. ನೀವು ಎದುರೇ ಕೂತಿದ್ರಲ್ಲ, ಕಾಣ್ಲಿಲ್ವಾ?"

ಕಾಣಲಿಲ್ಲ, ನಿಜ. ಇಂಥ ಫೋನಿಗೆ ಮೊದಲೇ ಪ್ರಶ್ನೆ ಬರೆದಿಟ್ಟುಕೊಳ್ಳಿ, ಅದೂ ಚಿಕ್ಕ ಚಿಕ್ಕದಾಗಿ. "ವೇಷದ ಬಗ್ಗೆ ಹೇಳಿ" ಅಂದರೆ ಅವರು ಕರ್ಣನ ದಾನದ ಕಥೆ ಹೇಳುತ್ತಾರೆ. "ಮೀಸೆ ಕಟ್ಟಿದ್ದೋ ಬರೆದದ್ದೋ, ಅವತ್ತಿನ ದಗಲೆ ಯಾವ ಬಣ್ಣ, ತಳಬಣ್ಣ ನೀವೇ ಕಲಸಿದ್ದೋ" ಅಂತ ಕೇಳಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ದಗಲೆ ಅಂದರೆ ಮೇಲಂಗಿ. ನಾನು ಕಂದು ಅಂದುಕೊಂಡಿದ್ದೆ, ಅವರು ಕೆಂಪು ಅಂದರು. ಅವರದ್ದೇ ಸರಿ. ಅವತ್ತು ರಂಗಸ್ಥಳದ ದೀಪ ಹಳದಿ ಇತ್ತು, ದೂರದಿಂದ ಕೆಂಪು ಮಂಕಾಗಿ ಕಂಡಿತ್ತು. ಬಣ್ಣ ಹೇಳುವಾಗ ಯಾವ ಬೆಳಕಲ್ಲಿ ಕಂಡ ಬಣ್ಣ ಅನ್ನುವುದನ್ನೂ ನೆನಪಿಸಿಕೊಳ್ಳಿ. ಈ ಮುಖವರ್ಣಿಕೆ ಹುಟ್ಟಿ ಬೆಳೆದದ್ದೇ ದೀವಟಿಗೆಯ ಬೆಳಕಿಗೆ. ಬಿಳಿ ಟ್ಯೂಬ್‌ಲೈಟ್ ಕೆಳಗೆ ಅದೇ ಹಳದಿ ಕಣ್ಣಿಗೆ ಹೊಡೆಯುತ್ತದೆ.

ಬಣ್ಣದ ವೇಷವಾದರೆ ಉಬ್ಬು ತಗ್ಗು ಹೇಳಿ

ರಾಕ್ಷಸರ ಪಾತ್ರವಾದರೆ ಕೆಲಸ ಇನ್ನೂ ಜಾಸ್ತಿ. ತೆಂಕಿನ ಬಣ್ಣದ ವೇಷದಲ್ಲಿ ಮುಖದ ಮೇಲೆ ಚುಟ್ಟಿ ಇಡುತ್ತಾರೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಬಿಳಿ ಹಿಟ್ಟನ್ನು ಕಡ್ಡಿಯಿಂದ ಚುಕ್ಕಿ ಚುಕ್ಕಿಯಾಗಿ ಇಟ್ಟು, ಒಣಗಿದ ಮೇಲೆ ಮತ್ತೆ ಇಟ್ಟು, ಮುಳ್ಳಿನ ಹಾಗೆ ಏಳಿಸುವ ಕೆಲಸ ಅದು. ಗಂಟೆಗಟ್ಟಲೆ ಹಿಡಿಯುತ್ತದೆ. ಇದನ್ನು "ಮುಖದ ಮೇಲೆ ಬಿಳಿ ಚುಕ್ಕಿಗಳು" ಅಂತ ಬರೆದರೆ ಓದುವವರಿಗೆ ರಂಗೋಲಿಯ ಚುಕ್ಕಿ ಕಾಣುತ್ತದೆ, ಚಪ್ಪಟೆ. ಆದರೆ ಇದು ಬೆರಳಾಡಿಸಿದರೆ ಚುಚ್ಚುವಂಥದ್ದು. "ಹಲಸಿನ ಸಿಪ್ಪೆಯ ಮುಳ್ಳಿನಂತೆ ಮುಖದಿಂದ ಹೊರಗೆ ಎದ್ದು ನಿಂತ ಬಿಳಿ ಸಾಲು" ಅನ್ನಿ, ಯಾವ ಗೆರೆಯ ಗುಂಟ ಆ ಸಾಲು ಹೋಗಿದೆ ಅಂತ ಹೇಳಿ. ಪಕ್ಕದಿಂದ ಬೆಳಕು ಬಿದ್ದಾಗ ಪ್ರತಿ ಮುಳ್ಳಿಗೂ ಒಂದು ಸಣ್ಣ ನೆರಳು ಬೀಳುತ್ತದೆ. ಅದನ್ನು ಹೇಳಿದರೆ ಉಬ್ಬು ತಾನಾಗಿ ಅರ್ಥವಾಗುತ್ತದೆ.

ಮೈಯುಡುಗೆ: ಎಲ್ಲ ಹೆಸರೂ ಬೇಡ

ಎದೆಕಟ್ಟು, ಭುಜಕೀರ್ತಿ, ತೋಳಕಟ್ಟು, ಕೈಕಟ್ಟು, ಡಾಬು, ವೀರಗಾಸೆ, ಕಾಲ್ಕಡಗ, ಗೆಜ್ಜೆ. ಹೆಸರುಗಳು ಬಾಯಿಗೆ ರುಚಿ, ಬರೆಯುವವರಿಗೆ ಎಲ್ಲವನ್ನೂ ಹೇಳಿಬಿಡುವ ಆಸೆ. ಆದರೆ ಹೆಸರು ಕೇಳಿದರೆ ವಸ್ತು ಕಾಣುವುದಿಲ್ಲ. ನಾನು ಮೂರನ್ನೇ ಆರಿಸಿಕೊಂಡೆ. ಎದೆಕಟ್ಟು, ಭುಜಕೀರ್ತಿ, ಕಸೆ. ಕರ್ಣನ ಆಕಾರ ನಿಂತಿರುವುದು ಇವುಗಳ ಮೇಲೆ. ಉಳಿದವನ್ನು "ತೋಳು, ಮಣಿಕಟ್ಟು, ಸೊಂಟದಲ್ಲೂ ಇದೇ ಚಿನ್ನದ ಬಣ್ಣದ ಆಭರಣ" ಅಂತ ಒಂದೇ ಸಾಲಲ್ಲಿ ಮುಗಿಸಿದೆ.

ಆಭರಣದ ವಿಷಯದಲ್ಲಿ ಕಂಡದ್ದು ಒಂದು, ಇರುವುದು ಇನ್ನೊಂದು. ಕಾಣುವುದು ಚಿನ್ನ. ಸಾಂಪ್ರದಾಯಿಕ ಆಭರಣ ಹಗುರ ಮರದಲ್ಲಿ ಕೊರೆದು, ಹೊಳೆಯುವ ಬೇಗಡೆ ಹಾಳೆ ಅಂಟಿಸಿ, ಅಲ್ಲಲ್ಲಿ ಕನ್ನಡಿ ಚೂರು ಕೂರಿಸಿದ್ದು. ಎರಡನ್ನೂ ಹೇಳಿ. ಕನ್ನಡಿ ಚೂರು ಇದೆ ಅಂದರೆ ವೇಷಧಾರಿ ತಿರುಗಿದಾಗ ಎದೆಯ ಮೇಲೆ ಬೆಳಕು ಓಡಾಡುತ್ತದೆ ಅನ್ನುವುದನ್ನು ಓದುವವರೇ ಊಹಿಸಿಕೊಳ್ಳುತ್ತಾರೆ. ಮರ ಹಗುರ ಅಂದರೆ ಅಷ್ಟೆಲ್ಲ ಕಟ್ಟಿಕೊಂಡು ಹೇಗೆ ಕುಣಿಯುತ್ತಾನೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಕಸೆ ಅಂದರೆ ಸೊಂಟದಿಂದ ಕೆಳಗೆ ಕಚ್ಚೆ ಹಾಕಿ ಉಟ್ಟ ಚೌಕುಳಿ ಸೀರೆ. "ಚೌಕುಳಿ" ಅಂದರೆ ಸಾಲದು, ಚೌಕ ಎಷ್ಟು ದೊಡ್ಡದು ಹೇಳಬೇಕು. ಲುಂಗಿಯ ಚೌಕುಳಿಯೂ ಚೌಕುಳಿಯೇ ಅಲ್ವಾ? ಕರ್ಣನದ್ದು ದೂರದಿಂದಲೂ ಎಣಿಸಬಹುದಾದ ದೊಡ್ಡ ಚೌಕ. ಕಚ್ಚೆ ಹಾಕಿದ್ದರಿಂದ ಎರಡೂ ಕಾಲು ಬೇರೆ ಬೇರೆ ಕಾಣುತ್ತವೆ, ಇದನ್ನು ಬಿಟ್ಟರೆ ಓದುವವರು ಲಂಗ ಅಂದುಕೊಳ್ಳುತ್ತಾರೆ.

ಚಿತ್ರದ ಜಾಗದಲ್ಲಿ ಏನು ಬರೆಯುವುದು

ಪೂರ್ತಿ ಬರೆದ ಮೇಲೆ "ಚಿತ್ರದಲ್ಲಿ ಕಾಣುವಂತೆ", "ಮೇಲಿನಂತೆ", "ಇಂತಹ" ಅನ್ನುವ ಪದಗಳನ್ನು ಹುಡುಕಿ ತೆಗೆಯಿರಿ. ಇಲ್ಲದ ಚಿತ್ರದ ಕಡೆ ಬೆರಳು ತೋರಿಸುವ ಪದಗಳು ಇವು, ನನ್ನ ಕರಡಿನಲ್ಲಿ ನಾಲ್ಕು ಸಿಕ್ಕವು. ಆಮೇಲೆ ಯಕ್ಷಗಾನ ನೋಡದ ಒಬ್ಬರಿಗೆ ಓದಿ ಹೇಳಿ ಚಿತ್ರ ಬಿಡಿಸಲು ಕೊಡಿ. ಎಲ್ಲಿ ಅವರ ಪೆನ್ಸಿಲ್ ನಿಂತಿತೋ ಅಲ್ಲಿ ವಿವರ ಕಡಿಮೆ. ಎಲ್ಲಿ ತಪ್ಪು ಆಕಾರ ಬಂತೋ ಅಲ್ಲಿ ಪದ ತಪ್ಪು. ಮತ್ತೆ ಯಕ್ಷಗಾನ ಚೆನ್ನಾಗಿ ಬಲ್ಲ ಒಬ್ಬರಿಗೂ ತೋರಿಸಿ. ಇವರು ತಿಟ್ಟು ಬೆರೆತಿದ್ದನ್ನು ಹಿಡಿಯುತ್ತಾರೆ. ಮೊದಲನೆಯವರ ಕೈಲಿ ಅದು ಆಗದು.

ಖಾಲಿ ಜಾಗದಲ್ಲಿ ಬೇರೆ ಕಲಾವಿದರ ಕರ್ಣನ ಫೋಟೊ ಹಾಕೋಣ ಅಂತ ಪ್ರದರ್ಶನದವರು ಕೇಳಿದರು. ಬೇಡ ಅಂದೆ. ವಿವರಣೆ ಈ ಮುಖದ್ದು, ಚಿತ್ರ ಆ ಮುಖದ್ದು ಆದರೆ ಎರಡೂ ಸುಳ್ಳಾಗುತ್ತವೆ. ಕೊನೆಗೆ ಅಕ್ಕನ ಮಗಳ ಮೂರನೇ ಚಿತ್ರವನ್ನೇ ಅಲ್ಲಿ ಅಂಟಿಸಿ, ಅಡಿಯಲ್ಲಿ ಹೀಗೆ ಬರೆದೆವು: "ಈ ವೇಷದ ಫೋಟೊ ಉಳಿದಿಲ್ಲ. ವಿವರಣೆ ಚೌಕಿಯಲ್ಲಿ ಬರೆದ ಟಿಪ್ಪಣಿ ಮತ್ತು ಕಲಾವಿದರ ಮಾತಿನಿಂದ. ರೇಖಾಚಿತ್ರ ಈ ವಿವರಣೆಯನ್ನು ಕೇಳಿ ಬಿಡಿಸಿದ್ದು."

ಕಲಾವಿದರು ಪ್ರದರ್ಶನಕ್ಕೆ ಬಂದಿದ್ದರು. ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಂತು, "ಮುಂಡಾಸು ಸ್ವಲ್ಪ ಬಲಕ್ಕೆ ವಾಲಿದೆ. ಅವತ್ತು ಹಾಗೇ ಆಗಿತ್ತು, ನಿಮಗೆ ಹೇಗೆ ಗೊತ್ತಾಯ್ತು?" ಅಂದರು. ನನಗೆ ಗೊತ್ತಿರಲಿಲ್ಲ. ಹುಡುಗಿಯ ಪೆನ್ಸಿಲ್ ವಾಲಿತ್ತು, ಅಷ್ಟೇ.